ಎರಡು ಕಲ್ಲು, ಒಂದು ಕೋಲು: ಕೊಳದಲ್ಲಿ ವ್ಯತಿಕರಣ ಕಣ್ಣಿಗೆ ಕಂಡ ಬಗೆ

ಎರಡು ಕಡೆಯಿಂದ ಬಂದ ಅಲೆಗಳು ಸೇರಿ ಕೆಲವು ಕಡೆ ಜೋರಾಗಿ, ಕೆಲವು ಕಡೆ ಅಳಿದುಹೋಗುವುದೇ ವ್ಯತಿಕರಣ. ಕೊಳದಲ್ಲಿ ಅದರ ಗೆರೆಗಳನ್ನು ನಿಲ್ಲಿಸಿ ತೋರಿಸ್ತೀನಿ ಅಂದಾಗ ನಂಬಿದವರು ಕಡಿಮೆ. ಗಾಜಿನ ತಳದ ತೊಟ್ಟಿ, ದೀಪ, ಮೋಟರ್ ಇಲ್ಲದೆ ಅದು ಆಗದ ಕೆಲಸ ಎಂದೇ ಹೇಳಿದರು. ಈಗ ಆಗಿದೆ. ಅದೇ ಜನ ದಂಡೆಯ ಮೇಲೆ ಕೂತು ನೋಡಿಯೂ ಆಗಿದೆ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು, ಯಾಕೆ ಆಗುತ್ತಿರಲಿಲ್ಲ ಅನ್ನುವುದು. ಎರಡು ಕಲ್ಲನ್ನು ಒಟ್ಟಿಗೆ ಬೀಳಿಸಿದರೆ ಉಂಗುರಗಳು ಒಂದರೊಳಗೊಂದು ಹಾದು ಹೋಗುವುದು ಚೆನ್ನಾಗಿ ಕಾಣುತ್ತದೆ. ಆದರೆ ಪುಸ್ತಕದ ಚಿತ್ರದಲ್ಲಿರುವ ಬೀಸಣಿಗೆಯಂಥ ಗೆರೆಗಳು ಕಾಣುವುದಿಲ್ಲ. ಥಾಮಸ್ ಯಂಗ್ 1807ರಲ್ಲಿ ಅಚ್ಚು ಹಾಕಿಸಿದ ಚಿತ್ರದಿಂದ ಹಿಡಿದು ಇವತ್ತಿನವರೆಗೆ ಎಲ್ಲರೂ ಬರೆಯುವುದು ಬಿಡದೆ ಬರುವ, ಒಂದೇ ಉದ್ದದ ಅಲೆಗಳನ್ನು. ಕಲ್ಲು ಒಮ್ಮೆ ಬಿದ್ದಾಗ ಏಳುವುದು ಹಾಗಿರುವುದಿಲ್ಲ, ನಾನಾ ಉದ್ದದ ಅಲೆಗಳ ಒಂದು ಗುಂಪು ಅದು. ನೀರಿನ ಮೇಲೆ 10 ಸೆಂ.ಮೀ. ಉದ್ದದ ಅಲೆ ಸೆಕೆಂಡಿಗೆ ಸುಮಾರು 40 ಸೆಂ.ಮೀ. ಓಡುತ್ತದೆ. 1.7 ಸೆಂ.ಮೀ. ಆಸುಪಾಸಿನದು ಎಲ್ಲಕ್ಕಿಂತ ನಿಧಾನ, ಸುಮಾರು 23 ಸೆಂ.ಮೀ. ಅದಕ್ಕೂ ಸಣ್ಣವು ಮತ್ತೆ ಬೇಗ ಓಡುತ್ತವೆ. ಹೀಗೆ ಗುಂಪು ಚದುರಿಹೋಗುತ್ತದೆ. ಉಬ್ಬಿಗೆ ತಗ್ಗು ಸೇರಿ ನೀರು ಅಲುಗದೆ ಇರುವ ಶಾಂತ ಗೆರೆ ಪ್ರತಿ ಉದ್ದಕ್ಕೂ ಬೇರೆಯೇ ಇರುವುದರಿಂದ ಗೆರೆ ಒಂದು ಕಡೆ ನಿಲ್ಲುವುದೇ ಇಲ್ಲ. ನಿಲ್ಲುವುದು ನಡುಗೆರೆ ಒಂದೇ. ಅಲ್ಲಿಗೆ ಎರಡೂ ಕಲ್ಲಿನಿಂದ ದೂರ ಸಮ, ಹಾಗಾಗಿ ಯಾವ ಉದ್ದದ ಅಲೆಯಾದರೂ ಉಬ್ಬಿಗೆ ಉಬ್ಬೇ ಸೇರುತ್ತದೆ. ಫೋನಿನ ಸ್ಲೋ ಮೋಷನ್‌ನಲ್ಲಿ ಹಿಡಿದರೂ ಸಿಕ್ಕಿದ್ದು ಅಷ್ಟೇ.

ಅಂದರೆ ಕಲ್ಲು ಬೀಳಿಸಿ ಬಿಟ್ಟರೆ ಸಾಲದು. ಅದು ಒಂದೇ ಲಯದಲ್ಲಿ ನೀರನ್ನು ಕುಣಿಸುತ್ತಲೇ ಇರಬೇಕು.

ಇಲ್ಲೇ ದುಡ್ಡು ಕೈಬಿಟ್ಟಿದ್ದು. ಬ್ಯಾಟರಿ, ಮೋಟರ್, ವೇಗ ತಗ್ಗಿಸುವ ಹಲ್ಲುಚಕ್ರ, ಅದಕ್ಕೊಂದು ಸ್ಟ್ಯಾಂಡ್. ಇಡೀ ಕೆಲಸಕ್ಕೆ ಆದ ಖರ್ಚಿನಲ್ಲಿ ಮುಕ್ಕಾಲು ಪಾಲು ಇದಕ್ಕೇ ಹೋಯಿತು. ಸ್ಟ್ಯಾಂಡಿನ ಕಾಲೇ ನೀರಿನಲ್ಲಿ ನಡುಗಿ ಮೂರನೆಯ ಅಲೆಯೊಂದನ್ನು ಎಬ್ಬಿಸುತ್ತಿತ್ತು. ಕಲ್ಲನ್ನು ದಾರದಲ್ಲಿ ಇಳಿಬಿಟ್ಟರೆ ಅದು ಮೇಲೆ ಕೆಳಗೆ ಆಡುವ ಬದಲು ಅತ್ತಿತ್ತ ತೂಗುತ್ತಿತ್ತು. ಕೊನೆಗೆ ಕೆಲಸ ಕೊಟ್ಟದ್ದು ಬಿಟ್ಟಿ ಸಿಕ್ಕ ಒಂದು ನೇರ ಕೋಲು. ಅದಕ್ಕೆ ಕೆಳಮುಖವಾಗಿ ಎರಡು ಗಟ್ಟಿ ಕಡ್ಡಿ, ಒಂದೊಂದರ ತುದಿಗೆ ಸುಮಾರು 4 ಸೆಂ.ಮೀ. ಗಾತ್ರದ ದುಂಡು ಕಲ್ಲು. ಕಲ್ಲುಗಳ ನಡುವೆ 30 ಸೆಂ.ಮೀ. ಅಂತರ. ಕಲ್ಲು ಅಲುಗದಂತೆ ಕಡ್ಡಿಗೆ ಕೂರಿಸುವ ರೀತಿ ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಕಲ್ಲು ಅರ್ಧ ಮುಳುಗಿರಬೇಕು. ನೀರಿನಿಂದ ಪೂರ್ತಿ ಮೇಲೆದ್ದರೆ ಪ್ರತಿ ಸಲ ಚಿಮ್ಮಿ ಬೇಡದ ಸಣ್ಣ ಅಲೆಗಳು ಸೇರಿಕೊಳ್ಳುತ್ತವೆ. ಒಂದು ಸೆಂ.ಮೀ. ಏರಿಳಿತ ಸಾಕು. ಲಯಕ್ಕೆ ಫೋನಿನ ಮೆಟ್ರೊನೋಮನ್ನು ನಿಮಿಷಕ್ಕೆ 240ಕ್ಕೆ ಇಟ್ಟೆ, ಅಂದರೆ ಸೆಕೆಂಡಿಗೆ 4 ಸಲ. ಕೈ ಒಗ್ಗಲು ಸ್ವಲ್ಪ ಕಾಲ ಹಿಡಿಯುತ್ತದೆ. ಒಗ್ಗಿದ ಮೇಲೆ ನನ್ನ ಕೈ ಆ ಮೋಟರಿಗಿಂತ ಹದವಾಗಿ ನಡೆಯಿತು, ಇದನ್ನು ಧೈರ್ಯವಾಗಿ ಹೇಳ್ತೀನಿ. ಈ ಲಯಕ್ಕೆ ತರಂಗದೂರ, ಅಂದರೆ ಒಂದು ಉಬ್ಬಿನಿಂದ ಮುಂದಿನ ಉಬ್ಬಿಗಿರುವ ದೂರ, ಹೆಚ್ಚುಕಮ್ಮಿ 10 ಸೆಂ.ಮೀ. ಬರುತ್ತದೆ.

ಈಗ ಲೆಕ್ಕ ನೋಡಿ. ಒಂದು ಕಲ್ಲಿನಿಂದ ಬರುವ ದಾರಿ ಇನ್ನೊಂದಕ್ಕಿಂತ ಅರ್ಧ ತರಂಗದೂರ, ಅಂದರೆ 5 ಸೆಂ.ಮೀ. ಜಾಸ್ತಿ ಇರುವ ಕಡೆ ಉಬ್ಬಿಗೆ ತಗ್ಗು ಸೇರಿ ನೀರು ಶಾಂತವಾಗಬೇಕು. 15 ಮತ್ತು 25 ಸೆಂ.ಮೀ. ಇರುವ ಕಡೆಯೂ ಹಾಗೇ. ಕಲ್ಲುಗಳಿಂದ ನೇರ ಒಂದು ಮೀಟರ್ ಮುಂದೆ ಹೋದರೆ, ನಡುಗೆರೆಯಿಂದ ಮೊದಲನೆಯದು 17 ಸೆಂ.ಮೀ. ಪಕ್ಕಕ್ಕೆ, ಎರಡನೆಯದು 58ಕ್ಕೆ, ಮೂರನೆಯದು ಒಂದೂವರೆ ಮೀಟರ್ ಆಚೆಗೆ ಬೀಳುತ್ತದೆ. ನಾನು ಗುರುತು ಹಾಕಿದ ಕೋಲು ಇಟ್ಟು ಅಳೆದಾಗ ಮೊದಲನೆಯದು 18ರ ಹತ್ತಿರ, ಎರಡನೆಯದು 60ರ ಹತ್ತಿರ ಸಿಕ್ಕಿತು. ಮೂರನೆಯದು ಮಸುಕು. ಅಲ್ಲಿಗೆ ತಲುಪುವ ಹೊತ್ತಿಗೆ ಅಲೆಗಳೇ ಸೊರಗಿರುತ್ತವೆ.

ಇಷ್ಟಾದರೂ ಮೇಲಿನಿಂದ ಸುಮ್ನೆ ನೋಡಿದರೆ ಏನೂ ಕಾಣದು. ಅಲೆಯ ಎತ್ತರ ಅಲ್ಲಿ ತೀರಾ ಕಡಿಮೆ. ಕೂತು, ಕಣ್ಣನ್ನು ನೀರಿನ ಮಟ್ಟಕ್ಕೆ ಇಳಿಸಿ, ಎದುರು ದಂಡೆಯಲ್ಲಿ ನೆಟ್ಟಗೆ ನಿಲ್ಲಿಸಿದ ಒಂದು ಗಳುವಿನ ಪ್ರತಿಬಿಂಬ ನೋಡಬೇಕು. ಅಲೆ ಇರುವ ಕಡೆ ಗಳು ಹಾವಿನಂತೆ ಹರಿದಾಡುತ್ತದೆ. ಶಾಂತ ಗೆರೆಯ ಮೇಲೆ ಬಂದಾಗ ನೇರವಾಗುತ್ತದೆ. ತಲೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರೆ ಗಳು ಬಳುಕುತ್ತದೆ, ನಿಲ್ಲುತ್ತದೆ, ಮತ್ತೆ ಬಳುಕುತ್ತದೆ. ನಂಬದೆ ಇದ್ದವರನ್ನು ನಾನು ಅಲ್ಲೇ ಕೂರಿಸಿದ್ದು. ಒಬ್ಬರು ಬಾಯಿ ಬಿಡದೆ ಎದ್ದು ಹೋಗಿ ಇನ್ನೊಬ್ಬರನ್ನು ಕರೆತಂದರು.

ಗೆರೆ ಪೂರ್ತಿ ಸತ್ತಿರುತ್ತದೆ ಅಂದುಕೊಳ್ಳಬೇಡಿ. ದೂರದ ಕಲ್ಲಿನ ಅಲೆ ಸ್ವಲ್ಪ ಸಣ್ಣದಾಗಿರುತ್ತದೆ, ಒಂದಿಷ್ಟು ಮಿಡಿತ ಉಳಿಯುತ್ತದೆ. ಆದರೆ ಗೆರೆಯೇ ಎಡಬಲಕ್ಕೆ ಓಡಾಡಿದರೆ ಲಯ ಕೆಟ್ಟಿದೆ ಅಂತ ಅರ್ಥ. ನೀರು ಎಲ್ಲ ಕಡೆ ಚೌಕಳಿ ಚೌಕಳಿಯಾಗಿ ಕಂಡರೆ ನೆಟ್ಟಗಿನ ಗೋಡೆಯೊಂದು ಅಲೆಯನ್ನು ವಾಪಸ್ ಕಳಿಸುತ್ತಿದೆ. ಇಳಿಜಾರು, ಹುಲ್ಲು ಬೆಳೆದ ದಂಡೆಯ ಕಡೆಗೆ ಅಲೆಯನ್ನು ಬಿಟ್ಟರೆ ಈ ಕಾಟ ಇಲ್ಲ. ಗಾಳಿ ಎದ್ದರೆ ಮಾತ್ರ ಏನೂ ಮಾಡಲಾಗದು, ಸಾಮಾನು ಕಟ್ಟಿಟ್ಟುಬಿಡಿ.

ನಡುವೆ ಒಂದು ಆಟ. ಕೋಲನ್ನು ಮಧ್ಯದಲ್ಲಿ ಆನಿಸಿ, ತಕ್ಕಡಿಯಂತೆ ಒಂದು ಕಲ್ಲು ಇಳಿದಾಗ ಇನ್ನೊಂದು ಏಳುವ ಹಾಗೆ ಆಡಿಸಿದೆ. ಅಲೆ ಜೋರಾಗಿದ್ದ ನಡುಗೆರೆಯೇ ಈಗ ಶಾಂತ! ಈ ಗೆರೆಗೆ ಲಯ ಸ್ವಲ್ಪ ಏರುಪೇರಾದರೂ ಚಿಂತೆಯಿಲ್ಲ, ದೂರ ಸಮ ಅಲ್ವಾ. ಹೊಸದಾಗಿ ಮಾಡುವವರು ಇದರಿಂದಲೇ ಶುರು ಮಾಡಿದರೆ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ವಿವರ್ತನೆ, ಅಂದರೆ ಅಲೆ ಸಂದಿನಲ್ಲಿ ಹಾದು ಪಕ್ಕಕ್ಕೆ ಬಾಗಿ ಹರಡುವುದನ್ನು ನೋಡಲು ಕಲ್ಲು ಬಿಟ್ಟು ಒಂದು ಉದ್ದ ಹಲಗೆಯ ಅಂಚನ್ನು ಅದೇ ಲಯದಲ್ಲಿ ಆಡಿಸಿದೆ. ನೇರ ಅಲೆಗಳು ಬರುತ್ತವೆ. ಎದುರಿಗೆ ಇನ್ನೆರಡು ಹಲಗೆ ನಿಲ್ಲಿಸಿ ನಡುವೆ ಸಂದು ಬಿಟ್ಟೆ. ಈ ಹಲಗೆಗಳು ತೇಲಬಾರದು. ಅಲೆಯ ಚಲನೆ ಅರ್ಧ ತರಂಗದೂರದಷ್ಟು ಆಳದವರೆಗೂ ಇರುತ್ತದೆ. ಹಲಗೆ 5 ಸೆಂ.ಮೀ.ಗಿಂತ ಚೆನ್ನಾಗಿ ಆಳಕ್ಕೆ ಇಳಿಯದಿದ್ದರೆ ಅಲೆ ಅಡಿಯಿಂದ ನುಸುಳಿ ಎಲ್ಲ ಕೆಡಿಸುತ್ತದೆ. 40 ಸೆಂ.ಮೀ. ಸಂದಿನಲ್ಲಿ ಅಲೆ ಬಹುಪಾಲು ನೇರವಾಗೇ ಹೋಯಿತು, ಪಕ್ಕದಲ್ಲಿ ನೆರಳಿನಂಥ ಶಾಂತ ನೀರು ಉಳಿಯಿತು. ಸಂದನ್ನು 10ಕ್ಕೆ ಇಳಿಸಿದಾಗ ಆ ನೆರಳು ಮಾಯ, ಅಲೆ ಅರ್ಧ ಉಂಗುರವಾಗಿ ಹರಡಿತು. ಕೊಳದಲ್ಲಿ ಬೆಳೆದ ಜೊಂಡು ಕೂಡ ಇದನ್ನೇ ಹೇಳುತ್ತದೆ. ಬೆರಳು ದಪ್ಪದ ದಂಟಿನ ಹಿಂದೆ ನೆರಳೇ ಬೀಳುವುದಿಲ್ಲ. ಅಗಲವಾದ ಬಂಡೆಯ ಹಿಂದೆ ಬೀಳುತ್ತದೆ.

ಕೊನೆಗೆ ಒಂದರ ಬದಲು ಎರಡು ಸಂದು ಬಿಟ್ಟೆ. ಒಂದೊಂದು 5 ಸೆಂ.ಮೀ. ಅಗಲ, ನಡುವಿನಿಂದ ನಡುವಿಗೆ 30. ಕಲ್ಲುಗಳು ಕೊಟ್ಟ ಶಾಂತ ಗೆರೆಗಳೇ ಹೆಚ್ಚುಕಮ್ಮಿ ಅದೇ ಜಾಗದಲ್ಲಿ ಬಂದವು, ಅಲೆ ಮಾತ್ರ ಇನ್ನೂ ಸಣ್ಣದು. ಅಲೆ ಎಬ್ಬಿಸುವ ಹಲಗೆ ಸಂದಿನ ಹಲಗೆಗಳಿಗೆ ಸಮಾನಾಂತರವಾಗಿರಬೇಕು. ಓರೆಯಾದರೆ ಒಂದು ಸಂದಿಗೆ ಅಲೆ ತಡವಾಗಿ ತಲುಪುತ್ತದೆ, ಇಡೀ ಚಿತ್ರ ಆ ಸಂದಿನ ಕಡೆಗೆ ವಾಲುತ್ತದೆ. ಹಾಗೆ ವಾಲಿದ್ದು ಕಂಡರೆ ಸಂದುಗಳನ್ನು ಮುಟ್ಟಬೇಡಿ, ಲಯವನ್ನೂ ಬದಲಿಸಬೇಡಿ, ಅಲೆ ಎಬ್ಬಿಸುವ ಹಲಗೆಯನ್ನು ಸ್ವಲ್ಪ ತಿರುಗಿಸಿ.