1.18ರ ಭಾಗಾಕಾರ: ಅರಬ್ಬಿಯಲ್ಲಿ ಬ್ಯಾಂಕ್ ಸ್ಟೇಟ್‌ಮೆಂಟ್ ಬಿಡಿಸಿ ಹೇಳಿದ ನನ್ನ ಅನುಭವ

"ಸ್ಟೇಟ್‌ಮೆಂಟ್ ಓದಿ ಹೇಳೋದಕ್ಕೂ ಯಾರಾದ್ರೂ ದುಡ್ಡು ಕೊಡ್ತಾರಾ ಸ್ವಾಮಿ?" ಅಂತ ಪಕ್ಕದ ಟ್ರಾವೆಲ್ಸ್ ಅಂಗಡಿಯವರು ನಕ್ಕಿದ್ದರು. ಈಗ ಅವರೇ ಗಿರಾಕಿಗಳನ್ನು ನನ್ನ ಹತ್ತಿರ ಕಳಿಸುತ್ತಾರೆ. ಹಾಗಾಗಿ ಬರೆಯುತ್ತಿದ್ದೇನೆ.

ಕಮ್ಮನಹಳ್ಳಿ ಕಡೆ ನನ್ನದು ಜೆರಾಕ್ಸ್ ಅಂಗಡಿ. ಅದಕ್ಕೂ ಮೊದಲು ಒಂಬತ್ತು ವರ್ಷ ರಿಯಾದ್‌ನಲ್ಲಿ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದೆ. ಮಾತಾಡುವ ಅರಬ್ಬಿ ಚೆನ್ನಾಗಿ ಬರುತ್ತದೆ, ಬರೆಯುವುದು ಸುಮಾರು. ಈ ಏರಿಯಾದಲ್ಲಿ ಯೆಮನ್, ಸುಡಾನ್ ಹುಡುಗರು ಓದಲು ಬಂದು ರೂಮು ಮಾಡಿಕೊಂಡಿರುತ್ತಾರೆ. ಅನಿವಾಸಿಗಳಿಗೆ ಅಂತ ಇರುವ ಎನ್‌ಆರ್‌ಒ ಅಕೌಂಟ್ ಮಾಡಿಸಿಕೊಂಡು ಎರಡನೇ ತಿಂಗಳಿಗೆ ಫೋನಲ್ಲಿ ಸ್ಟೇಟ್‌ಮೆಂಟ್ ಫೋಟೋ ಹಿಡಿದು ಬರುತ್ತಾರೆ. "ಯಾ ಅಮ್ಮ್, ನನ್ನ ದುಡ್ಡು ಎಲ್ಲಿ ಹೋಯ್ತು?" 'ಅಮ್ಮ್' ಅಂದರೆ ಅಲ್ಲಿ ಚಿಕ್ಕಪ್ಪ. ಅಂಗಡಿ ಹುಡುಗ ಮೊದಲ ದಿನ ಬಿದ್ದು ಬಿದ್ದು ನಕ್ಕಿದ್ದ.

ಶುರುವಿನಲ್ಲಿ ನಾನು ಮಾಡಿದ ತಪ್ಪು, ಅಕೌಂಟ್ಸ್ ಅರಬ್ಬಿಯನ್ನೇ ಬರೆದುಕೊಟ್ಟಿದ್ದು. DR, ಅಂದರೆ ಡೆಬಿಟ್, ಎಂದಿದ್ದ ಕಡೆಯೆಲ್ಲ 'ಮದೀನ್' ಅಂತ ಬರೆದೆ. ಲೆಕ್ಕದ ಪುಸ್ತಕದಲ್ಲಿ ಅದೇ ಸರಿ. ಆದರೆ 'ದೈನ್' ಅಂದರೆ ಸಾಲ, 'ಮದೀನ್' ಅಂದರೆ ಸಾಲಗಾರ. ಹನ್ನೊಂದು ಸಾಲಿನ ಎದುರು ಹನ್ನೊಂದು ಸಲ ಸಾಲಗಾರ ಅಂತ ಓದಿದ ಹುಡುಗನ ಮುಖ ಬಿಳಿಚಿಕೊಂಡಿತು. "ನಾನು ಬ್ಯಾಂಕಿನಿಂದ ಸಾಲ ತಗೊಂಡೇ ಇಲ್ಲವಲ್ಲ!" ಅಂದ. ಅಲ್ಲಿಂದ ಆ ಮಾತು ಬಿಟ್ಟೆ. ಈಗ ಹೋಗಿದ್ದಕ್ಕೆ 'ಖರಜ್', ಬಂದಿದ್ದಕ್ಕೆ 'ದಖಲ್', ಅಷ್ಟೇ. 'ಹೊರಗೆ ಹೋಯ್ತು', 'ಒಳಗೆ ಬಂತು' ಅಂದ ಹಾಗೆ. ಮನೆಮಾತು, ಮಕ್ಕಳಿಗೂ ಗೊತ್ತು.

ಬ್ಯಾಂಕು ಹಿಡಿದುಕೊಂಡ ದುಡ್ಡಿಗೆ 'ಖಸಮ್' ಅಂತ ಬರೆದದ್ದೂ ಎಡವಟ್ಟಾಯಿತು. ಕಡಿತಕ್ಕೂ ಅದೇ ಮಾತು, ಅಂಗಡಿ ಬಾಗಿಲಿನ ಡಿಸ್ಕೌಂಟ್ ಬೋರ್ಡಿಗೂ ಅದೇ ಮಾತು. ಎಸ್ಸೆಮ್ಮೆಸ್ಸಿಗೆ ಡಿಸ್ಕೌಂಟ್ ಕೊಟ್ಟಿದ್ದಾರೆ ಅಂತ ಒಬ್ಬ ಖುಷಿಪಟ್ಟ. ಈಗ 'ರುಸೂಮ್' ಅಂತಲೇ ಬರೆಯುತ್ತೇನೆ. ಬ್ಯಾಂಕಿನ ಹಾಳೆಯಲ್ಲಿ ಅದನ್ನು ಶುಲ್ಕ ಅಂತಲೇ ಓದುತ್ತಾರೆ, ಗೊಂದಲ ಇಲ್ಲ.

ಇನ್ನು 'ಹವಾಲಾ'. ಅರಬ್ಬಿಯಲ್ಲಿ ಅದು ಶುದ್ಧ ಸಜ್ಜನ ಪದ. ದುಡ್ಡು ಕಳಿಸಿದರೆ ಅದು ಹವಾಲಾ, ಬ್ಯಾಂಕಿನಿಂದ ಕಳಿಸಿದರೂ ಹವಾಲಾ. ಹುಡುಗನೊಬ್ಬ ಕೌಂಟರಿಗೆ ಹೋಗಿ "ಮೈ ಹವಾಲಾ ನಾಟ್ ಕಮ್" ಅಂದನಂತೆ. ಕ್ಯಾಷಿಯರ್ ಮೇಡಂ ಪೆನ್ನು ಕೆಳಗಿಟ್ಟು ಮ್ಯಾನೇಜರ್ ಕಡೆ ನೋಡಿದರಂತೆ. ಈಗ ನನ್ನ ಹಾಳೆಯ ತಲೆಯಲ್ಲೇ ಅರಬ್ಬಿಯಲ್ಲಿ ಬರೆದಿರುತ್ತೇನೆ: ಬ್ಯಾಂಕಿನಲ್ಲಿ ಈ ಪದ ಬೇಡ, 'ಟ್ರಾನ್ಸ್‌ಫರ್' ಅನ್ನಿ.

ಇನ್ನು ಬರೆಯುವ ರೀತಿ. ಮೊದಲು ಫೋಟೋ ಮೇಲೆಯೇ ಪ್ರತಿ ಸಾಲಿನ ಪಕ್ಕ ಅರಬ್ಬಿ ಟೈಪ್ ಮಾಡುತ್ತಿದ್ದೆ. ಅರಬ್ಬಿ ಬಲದಿಂದ ಎಡಕ್ಕೆ, ಸ್ಟೇಟ್‌ಮೆಂಟಿನ NWD, UPI ಥರದ ಇಂಗ್ಲಿಷ್ ಸಂಕ್ಷೇಪಗಳೆಲ್ಲ ಎಡದಿಂದ ಬಲಕ್ಕೆ. ಎರಡೂ ಒಂದೇ ಸಾಲಿನಲ್ಲಿ ಸೇರಿದರೆ ಫೋನು ತನಗೆ ತೋಚಿದ ಹಾಗೆ ಜೋಡಿಸುತ್ತದೆ. ಮೈನಸ್ ಗುರುತು ಸಂಖ್ಯೆಯ ಇನ್ನೊಂದು ಬದಿಗೆ ಹಾರುತ್ತದೆ. ಬೇಡ ಅಂತ ಕೈಯಲ್ಲಿ ಬರೆಯಲು ಹೋದೆ. ಹುಡುಗರಿಗೆ ಸುಲಭವಾಗಲಿ ಅಂತ ಅಂಕಿಗಳನ್ನೂ ಅವರ ಲಿಪಿಯಲ್ಲೇ ಬರೆದೆ. ಅದು ಇನ್ನೂ ದೊಡ್ಡ ಪಜೀತಿ. ಅವರ ಸೊನ್ನೆ ಒಂದು ಚುಕ್ಕಿ. ನಾನು ದಶಮಾಂಶಕ್ಕೆ ಚುಕ್ಕಿ ಇಟ್ಟು 27.14 ಬರೆದರೆ ಅವನು ಇಪ್ಪತ್ತೇಳು ಸಾವಿರದ ಹದಿನಾಲ್ಕು ಅಂತ ಓದಿದ. ಅವರ ಐದು ನಮ್ಮ ಸೊನ್ನೆಯ ಹಾಗೇ ಗುಂಡಗೆ. ಒಂದು ತಿಂಗಳು ಹೀಗೆ ಹೋಯಿತು. ಕಲರ್ ಪ್ರಿಂಟಿಗೇ ಆರುನೂರೋ ಏಳುನೂರೋ ರೂಪಾಯಿ ಕೈಬಿಟ್ಟಿತು.

ಕೊನೆಗೆ ಕೈ ಹತ್ತಿದ ದಾರಿ ಇದು. ಫೋಟೋ ಮೇಲೆ ಒಂದಕ್ಷರ ಅರಬ್ಬಿ ಇಲ್ಲ. ಅಕೌಂಟ್ ನಂಬರಿಗೆ ಮೊದಲು ಕರಿ ಪಟ್ಟಿ. ಆಮೇಲೆ ಎ-4 ಹಾಳೆಯಲ್ಲಿ ದೊಡ್ಡದಾಗಿ ಪ್ರಿಂಟ್ ತೆಗೆದು, ಸಾಲುಗಳಿಗೆ 1, 2, 3 ಅಂತ ಸುತ್ತು ಹಾಕುತ್ತೇನೆ. ಅವನೇ ಖರ್ಚು ಮಾಡಿದ್ದಕ್ಕೆ ನೀಲಿ, ಒಳಗೆ ಬಂದಿದ್ದಕ್ಕೆ ಹಸಿರು, ಬ್ಯಾಂಕು ತಾನಾಗಿ ತಗೊಂಡಿದ್ದಕ್ಕೆ ಕೆಂಪು. ಅರಬ್ಬಿ ವಿವರಣೆ ಬೇರೆ ಹಾಳೆಯಲ್ಲಿ, ಅದೇ ನಂಬರಿನ ಎದುರು. ಅಂಕಿಗಳು ಸ್ಟೇಟ್‌ಮೆಂಟಿನಲ್ಲಿ ಹೇಗಿವೆಯೋ ಹಾಗೇ. ಜೊತೆಗೆ ಎರಡು ನಿಮಿಷದ ವಾಯ್ಸ್ ಮೆಸೇಜು. ಒಂದು ಪುಟಕ್ಕೆ ಐವತ್ತು ರೂಪಾಯಿ.

ಕೆಂಪು ಯಾವುದು ಅಂತ ಕಂಡುಹಿಡಿಯುವುದೇ ಕೆಲಸ. ಒಂದೊಂದು ಬ್ಯಾಂಕು ಒಂದೊಂದು ಥರ ಬರೆಯುತ್ತದೆ. ಕೆಲವರಲ್ಲಿ ಸ್ವಂತ ಎಟಿಎಂ ಆದರೆ ATW, ಬೇರೆ ಬ್ಯಾಂಕಿನದಾದರೆ NWD. ಇನ್ನು ಕೆಲವರ ಸಂಕ್ಷೇಪ ಅರ್ಧಕ್ಕೇ ತುಂಡಾಗಿರುತ್ತದೆ. ನಾನು ಅಕ್ಷರ ಬಿಟ್ಟು ಅಂಕಿ ಹಿಡಿದೆ. ಬ್ಯಾಂಕಿನ ಶುಲ್ಕಕ್ಕೆ ಶೇಕಡಾ 18 ಜಿಎಸ್‌ಟಿ ಅಲ್ವಾ? ಅನುಮಾನ ಬಂದ ಮೊತ್ತವನ್ನು 1.18ರಿಂದ ಭಾಗಿಸಿ ನೋಡಿ. 17.70 ಭಾಗಿಸಿದರೆ 15, ಅದು ಎಸ್ಸೆಮ್ಮೆಸ್. 177 ಅಂದರೆ 150, ಕಾರ್ಡಿನ ವರ್ಷದ ಶುಲ್ಕ. 295 ಅಂದರೆ 250, ಆಟೋ ಡೆಬಿಟ್ ವಾಪಸಾದ ದಂಡ. ಗುಂಡಗೆ ಸಂಖ್ಯೆ ಬಂತು ಅಂದರೆ ಬ್ಯಾಂಕಿನ ಕೈ ಅಂತ ಮುಕ್ಕಾಲು ಪಾಲು ಖಾತ್ರಿ. ದರ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ, ಆದರೆ 1.18 ಎಲ್ಲರಿಗೂ ಒಂದೇ. ಕೆಲವು ಬ್ಯಾಂಕು ತೆರಿಗೆಯನ್ನು ಬೇರೆ ಸಾಲಿನಲ್ಲಿ ಹಾಕುತ್ತವೆ. ಆಗ ಮೇಲಿನ ಸಾಲಿನ ಜೊತೆ ಕೂಡಿಸಿ ಭಾಗಿಸಬೇಕು.

ಒಂದು ಕೇಸು ಪೂರ್ತಿ ಹೇಳುತ್ತೇನೆ. ಹೊಸ ಅಕೌಂಟಿನ ಯೆಮನ್ ಹುಡುಗ. ಅಪ್ಪ ಜೆದ್ದಾದಲ್ಲಿದ್ದಾರೆ, 500 ಡಾಲರ್ ಕಳಿಸಿದ್ದರು. ಹುಡುಗನ ಲೆಕ್ಕದಲ್ಲಿ ಹತ್ತಿರ ಹತ್ತಿರ ಎರಡು ಸಾವಿರ ಕಾಣೆ. ಬ್ಯಾಂಕು ಕದ್ದಿದೆ ಅಂತ ಅವನ ಹಟ.

ಹಸಿರು ಸಾಲು ಒಂದೇ, 40,800 ರೂಪಾಯಿ. ಅವತ್ತಿನ ದರ ಸುಮಾರು 85. ಹಾಗಾದರೆ ಬಂದು ಮುಟ್ಟಿದ್ದು 480 ಡಾಲರ್. ಉಳಿದ 20 ಡಾಲರ್, ಅಂದರೆ 1,700 ರೂಪಾಯಿ, ಇಲ್ಲಿನ ಸ್ಟೇಟ್‌ಮೆಂಟಿನಲ್ಲಿ ಎಲ್ಲೂ ಕಾಣುವುದಿಲ್ಲ. ನಡುವಿನ ಬ್ಯಾಂಕುಗಳು ದಾರಿಯಲ್ಲೇ ಹಿಡಿದುಕೊಂಡಿರುತ್ತವೆ. ದುಡ್ಡು ಕಳಿಸಿದ್ದಕ್ಕೆ ಅಲ್ಲಿನ ಬ್ಯಾಂಕು ಅಪ್ಪನಿಗೆ ಕೊಟ್ಟ ಸ್ವಿಫ್ಟ್ ರಸೀದಿಯ ಫೋಟೋ ತರಿಸಿದೆ. ಖರ್ಚು ಯಾರದ್ದು ಅನ್ನುವ ಜಾಗದಲ್ಲಿ SHA ಅಂತಿತ್ತು. ಅಂದರೆ ಹಂಚಿಕೊಳ್ಳಿ ಅಂತ. OUR ಅಂತ ಹಾಕಿಸಿದ್ದರೆ ಖರ್ಚೆಲ್ಲ ಅಪ್ಪನ ಕಡೆಗೇ ಹೋಗುತ್ತಿತ್ತು. ಇದೊಂದನ್ನು ಅರ್ಥ ಮಾಡಿಸಲು ಅರ್ಧ ಗಂಟೆ ಬೇಕಾಯಿತು. ಇಲ್ಲದ ಸಾಲನ್ನು ತೋರಿಸುವುದು ಹೇಗೆ?

ಅದರ ಕೆಳಗೆ 73.44 ಕಳೆದಿತ್ತು. 1.18ರಿಂದ ಭಾಗಿಸಿದರೆ 62.24, ಗುಂಡಗೆ ಬರಲಿಲ್ಲ. ಇಲ್ಲಿ ನನ್ನ ಸೂತ್ರ ಕೆಲಸ ಮಾಡಲ್ಲ. ಇದು ಡಾಲರ್ ರೂಪಾಯಿ ಮಾಡಿದ್ದಕ್ಕೆ ಬರೀ ತೆರಿಗೆ. ಒಂದು ಲಕ್ಷದೊಳಗಿನ ಮೊತ್ತಕ್ಕೆ ಅದರ ಶೇಕಡಾ 1 ಅನ್ನು ಸೇವೆಯ ಬೆಲೆ ಅಂತ ಹಿಡಿದು, ಅದರ ಮೇಲೆ ಶೇಕಡಾ 18. ಅಂದರೆ 408ಕ್ಕೆ 73.44. ಕಡಿಮೆ ಅಂದರೂ 45 ರೂಪಾಯಿ ಕತ್ತರಿಸುತ್ತಾರೆ. ಮೊದಲ ಸಲ ಇದು ಏನಂತ ತಿಳಿಯದೆ ಎರಡು ದಿನ ತಲೆ ಕೆರೆದುಕೊಂಡಿದ್ದೆ.

ಮುಂದೆ 27.14 ಎರಡು ಸಲ. ಭಾಗಿಸಿದರೆ 23. ಮೇ 2025ರಿಂದ ಉಚಿತ ಮಿತಿ ದಾಟಿದ ಎಟಿಎಂ ವಿತ್‌ಡ್ರಾಗೆ ಗರಿಷ್ಠ ಶುಲ್ಕ ಇಷ್ಟು. ಹಳೆ ಸ್ಟೇಟ್‌ಮೆಂಟಾದರೆ 24.78 ಕಾಣುತ್ತದೆ, ಆಗ 21 ಇತ್ತು. "ನಾನು ತೆಗೆದಿದ್ದೇ ಮೂರು ಸಲ, ಮೂರೂ ಫ್ರೀ ಅಂದಿದ್ದರು" ಅಂತ ಹುಡುಗ. ಬೆಂಗಳೂರಂಥ ಮೆಟ್ರೋದಲ್ಲಿ ಬೇರೆ ಬ್ಯಾಂಕಿನ ಎಟಿಎಂಗೆ ತಿಂಗಳಿಗೆ ಮೂರು ಉಚಿತ, ನಿಜ. ಬ್ಯಾಲೆನ್ಸ್ ನೋಡಿದ್ದಾ ಅಂತ ಕೇಳಿದೆ. "ಎರಡು ಸಲ, ಸುಮ್ನೆ ನೋಡಿದೆ." ಬೇರೆ ಬ್ಯಾಂಕಿನ ಮಷೀನಿನಲ್ಲಿ ಸುಮ್ನೆ ನೋಡಿದ್ದೂ ಲೆಕ್ಕಕ್ಕೆ ಬರುತ್ತದೆ. ಎರಡು ನೋಟ, ಒಂದು ವಿತ್‌ಡ್ರಾ, ಮೂರು ಮುಗಿಯಿತು. ಉಳಿದ ಎರಡು ವಿತ್‌ಡ್ರಾಗೆ ದುಡ್ಡು. ನೋಡಿದ್ದು ಸ್ಟೇಟ್‌ಮೆಂಟಿನಲ್ಲಿ ಇರುವುದಿಲ್ಲ, ಅದಕ್ಕೇ ಎಲ್ಲರೂ ಇಲ್ಲೇ ಜಗಳಕ್ಕೆ ನಿಲ್ಲುತ್ತಾರೆ.

ಇನ್ನೊಂದು 29.50, ಅಂದರೆ 25. ಖಾತೆಯಲ್ಲಿ ದುಡ್ಡಿಲ್ಲದೆ ಎಟಿಎಂ ಒತ್ತಿ, ನೋಟು ಬಾರದೆ ವಾಪಸಾದದ್ದಕ್ಕೆ. ಕೊನೆಗೆ ಎಸ್ಸೆಮ್ಮೆಸ್ 17.70. ಕೆಂಪೆಲ್ಲ ಕೂಡಿಸಿದರೆ 174.92. ದಾರಿಯಲ್ಲಿ ಹೋದ 1,700 ಸೇರಿ 1,874.92. ಹುಡುಗ ತಾನೇ ಕ್ಯಾಲ್ಕುಲೇಟರ್ ಒತ್ತಿ ನೋಡಿದ. ಬಡ್ಡಿಯ ಸಾಲು ಆ ತಿಂಗಳು ಇರಲಿಲ್ಲ, ಪುಣ್ಯ.

ಬಡ್ಡಿಯ ಸಾಲು ಬಂದರೆ ಮಾತು ಬೇರೆ ಕಡೆ ಹೊರಳುತ್ತದೆ. ಅರಬ್ಬಿ ಬ್ಯಾಂಕುಗಳಲ್ಲಿ ಬಡ್ಡಿಗೆ 'ಫಾಯಿದಾ' ಅಂತಾರೆ, ನಮ್ಮ ಫಾಯಿದೆಯೇ. ಆದರೆ ಹುಡುಗರ ಬಾಯಲ್ಲಿ ಅದು 'ರಿಬಾ', ನಿಷಿದ್ಧ. 50 ರೂಪಾಯಿ ಬಡ್ಡಿ ಬಂದರೆ ಕೆಳಗೇ 15.60 ಟಿಡಿಎಸ್ ಹೋಗಿರುತ್ತದೆ. ಎನ್‌ಆರ್‌ಒ ಬಡ್ಡಿಗೆ ಸೆಸ್ ಸೇರಿ ಶೇಕಡಾ 31.2. "ಬೇಡದ ದುಡ್ಡಿಗೆ ತೆರಿಗೆ ಬೇರೆಯಾ?" ಅಂತ ಒಬ್ಬ ಕೇಳಿದ. ನಾನು ಲೆಕ್ಕ ಮಾತ್ರ ಹೇಳುತ್ತೇನೆ, ಉಳಿದದ್ದು ಮಸೀದಿಯಲ್ಲಿ ಕೇಳಿಕೋ ಅಂತ ಕಳಿಸಿದೆ.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಸಂಕ್ಷೇಪಗಳ ಅರಬ್ಬಿ ಪಟ್ಟಿ ಅಚ್ಚು ಹಾಕಿಸಿ ಹತ್ತು ರೂಪಾಯಿಗೆ ಮಾರೋಣ ಅಂತ ಇನ್ನೂರು ಪ್ರತಿ ಹಾಕಿಸಿದೆ. ಮೂವತ್ತೂ ಹೋಗಲಿಲ್ಲ. ಅವರಿಗೆ ಬೇಕಾದದ್ದು NWD ಅಂದರೇನು ಅಂತ ಅಲ್ಲ, ತನ್ನ ದುಡ್ಡು ಏನಾಯ್ತು ಅಂತ. ಉಳಿದ ಹಾಳೆಗಳ ಹಿಂಬದಿಯಲ್ಲೇ ಈಗ ವಿವರಣೆ ಬರೆಯುತ್ತಿದ್ದೇನೆ.

ತಪ್ಪಾಗಿ ಹಿಡಿದ ಶುಲ್ಕವನ್ನು ವಾಪಸ್ ತರಿಸುವ ಅರ್ಜಿಯನ್ನೂ ಬರೆದುಕೊಡುತ್ತೇನೆ. ಅದರಲ್ಲಿ ಮೊದಲ ಎರಡು ಸಾಲು ಹೇಗಿರಬೇಕು ಅನ್ನುವುದನ್ನು ಇಲ್ಲಿ ಹೇಳಲ್ಲ, ಹೊಟ್ಟೆಪಾಡು.

ಫೋಟೋ ವಿಷಯ ಮಾತ್ರ ಮುಚ್ಚಿಡಲ್ಲ. ಮಸುಕು ಫೋಟೋದಲ್ಲಿ 3 ಮತ್ತು 8 ಒಂದೇ ಥರ ಕಾಣುತ್ತವೆ. ಪ್ರತಿ ಸಾಲಿನಲ್ಲೂ ಹಿಂದಿನ ಬ್ಯಾಲೆನ್ಸಿನಿಂದ ಹೋದದ್ದನ್ನು ಕಳೆದು, ಬಂದದ್ದಾದರೆ ಕೂಡಿಸಿ, ಮುಂದಿನ ಬ್ಯಾಲೆನ್ಸ್ ಬರುತ್ತದಾ ಅಂತ ನೋಡಿಯೇ ಪೆನ್ನು ಹಿಡಿಯುತ್ತೇನೆ. ಬರಲಿಲ್ಲ ಅಂದರೆ ಫೋಟೋ ತಪ್ಪು ಓದಿದ್ದೇನೆ, ಇಲ್ಲವೇ ನಡುವೆ ಒಂದು ಸಾಲು ಕತ್ತರಿಸಿ ಹೋಗಿದೆ. ಸಾಲಿನ ಮೇಲೆ ಸಾಲು ಬಿದ್ದ ಪಾಸ್‌ಬುಕ್ಕಿನ ಫೋಟೋ ತಂದವರನ್ನು ಹಾಗೇ ವಾಪಸ್ ಕಳಿಸುತ್ತೇನೆ. ಬ್ಯಾಂಕಿನ ಆ್ಯಪಿನಿಂದ ಪಿಡಿಎಫ್ ಇಳಿಸಿಕೊಂಡು ಬಾ, ಐವತ್ತು ರೂಪಾಯಿ ಆಮೇಲೆ ಕೊಡು ಅಂತ.