ರೌಂಡ್ಸ್‌ನಲ್ಲಿ ಕೇಸ್ ಹೇಳುವುದು ಹೇಗೆ?

ಕೇಸ್ ಹೇಳಿ ಅಂದರೆ ಹೌಸ್ ಸರ್ಜನ್‌ಗಳು ಕೇಸ್ ಶೀಟ್ ಓದುತ್ತಾರೆ. ಅದೂ ಪ್ಲೇಟ್‌ಲೆಟ್ ಸಂಖ್ಯೆಯಿಂದ ಶುರು! ಜ್ವರ ಎಷ್ಟು ದಿನದ್ದು ಎಂದು ಕೇಳಿದರೆ ರೋಗಿಯ ಮುಖ ನೋಡುತ್ತಾರೆ. ಕ್ರಮ ಇಷ್ಟೇ: ರೋಗಿಯ ಕಥೆ, ನೀವು ಕಂಡದ್ದು, ಕಾಯಿಲೆ ಯಾವುದು, ಮುಂದೇನು. ಒಂದು ಜ್ವರದ ಕೇಸ್ ಇಟ್ಟುಕೊಂಡು ನೋಡೋಣ.

1. ಮೊದಲ ವಾಕ್ಯ. "45 ವರ್ಷದ ಹೆಂಗಸು, ಹೊಸನಗರದ ಕಡೆಯವರು, ಅಡಿಕೆ ತೋಟದಲ್ಲಿ ಕೂಲಿ. 6 ದಿನದಿಂದ ಜ್ವರ, 2 ದಿನದಿಂದ ಕೆಮ್ಮು." ಮಲೆನಾಡಿನಲ್ಲಿ ಊರು ಮತ್ತು ಕೆಲಸವನ್ನು ಬಿಡಲೇಬೇಡಿ. ಅರ್ಧ ರೋಗನಿರ್ಣಯ ಅಲ್ಲೇ ಇರುತ್ತದೆ.

2. ಕಥೆ. ಎಡವುವುದು ಇಲ್ಲೇ. "ಸೋಮವಾರ ಬಂತು, ಮೊನ್ನೆ ಜಾಸ್ತಿಯಾಯಿತು" ಎಂದರೆ ಕೇಳುವವರು ಬೆರಳು ಮಡಚಿ ಲೆಕ್ಕ ಹಾಕಬೇಕು. ಮೊದಲನೇ ದಿನ ಚಳಿಜ್ವರ, ತಲೆನೋವು. ಮೂರನೇ ದಿನ ಊರಿನಲ್ಲಿ ಒಂದು ಇಂಜೆಕ್ಷನ್, ಜ್ವರ ಇಳಿಯಲಿಲ್ಲ. ಐದನೇ ದಿನ ಕೆಮ್ಮು. ಹೀಗೆ ದಿನದ ಲೆಕ್ಕದಲ್ಲೇ ಹೇಳಿ.

ಆಮೇಲೆ 'ಇಲ್ಲ'ಗಳು. ವಾಂತಿ ಇಲ್ಲ, ಭೇದಿ ಇಲ್ಲ, ಫಿಟ್ಸ್ ಇಲ್ಲ ಎಂದು ಮಗ್ಗಿ ಒಪ್ಪಿಸುವವರಿದ್ದಾರೆ. ಮೊಬೈಲ್‌ನಲ್ಲಿ ಸಿಗುವ ಸಿದ್ಧ ನಮೂನೆಗಳು ಕಲಿಸುವುದೂ ಇದನ್ನೇ, ಸುಮ್ನೆ ಅಳಿಸಿಬಿಡಿ. ಪ್ರತಿ 'ಇಲ್ಲ'ದ ಹಿಂದೆ ಒಂದು ಕಾಯಿಲೆ ಇರಬೇಕು. ಕಾಡಿಗೆ ಹೋಗಿಲ್ಲ, ಸುತ್ತಮುತ್ತ ಮಂಗ ಸತ್ತಿಲ್ಲ, ವಸಡಿನಲ್ಲಿ ರಕ್ತ ಬಂದಿಲ್ಲ: ಇದು ಮಂಗನ ಕಾಯಿಲೆಗೆ. 1957ರಲ್ಲಿ ಅದು ಮೊದಲು ಪತ್ತೆಯಾದದ್ದು ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲೇ ಅಲ್ವಾ? ಕಣ್ಣು ಹಳದಿಯಾಗಿಲ್ಲ, ಮೂತ್ರ ಕಡಿಮೆಯಾಗಿಲ್ಲ: ಇದು ಇಲಿ ಜ್ವರಕ್ಕೆ. ಕಾಮಾಲೆ ಇಲ್ಲದ ಇಲಿ ಜ್ವರವೂ ಉಂಟು. ಹಾಗಾಗಿ ಅನುಮಾನ ಕಡಿಮೆಯಾಯಿತು ಎನ್ನಿ, ಹೋಯಿತು ಎನ್ನಬೇಡಿ.

ಸಕ್ಕರೆ ಕಾಯಿಲೆ, ಬಿಪಿ, ಅಲರ್ಜಿಗೆ ಒಂದು ವಾಕ್ಯ ಸಾಕು.

3. ಕಂಡದ್ದು. "ವೈಟಲ್ಸ್ ಸ್ಟೇಬಲ್" ಎನ್ನುವ ಮಾತು ನನಗೆ ಆಗುವುದಿಲ್ಲ. ಅಂಕಿ ಹೇಳಿ: ಜ್ವರ 102, ನಾಡಿ 110, ಬಿಪಿ 110/70, ಉಸಿರು ನಿಮಿಷಕ್ಕೆ 22. ನಂತರ ಮುಖ್ಯವಾದದ್ದು: ಎಡ ಕಂಕುಳಲ್ಲಿ ನೋವಿಲ್ಲದ ಕಪ್ಪು ಹಕ್ಕಳೆ, ಬೀಡಿ ಸುಟ್ಟ ಗಾಯದ ಹಾಗೆ. ಇದನ್ನು ರೋಗಿ ತಾನಾಗಿ ಹೇಳುವುದು ಅಪರೂಪ. ಪರದೆ ಎಳೆದು, ಕೇಳಿಕೊಂಡು, ಕಂಕುಳು, ಸ್ತನದ ಕೆಳಗೆ, ತೊಡೆಸಂದಿ ನೋಡಿರಬೇಕು. ನೋಡದೆ "ಇಲ್ಲ" ಎನ್ನಬೇಡಿ. ಲ್ಯಾಬ್ ರಿಪೋರ್ಟ್ ಇದರ ನಂತರವೇ.

4. ಕಾಯಿಲೆ. "ತೋಟದ ಕೆಲಸ, 6 ದಿನದ ಜ್ವರ, ಕಂಕುಳಲ್ಲಿ ಕಪ್ಪು ಹಕ್ಕಳೆ. ಸ್ಕ್ರಬ್ ಟೈಫಸ್ ಇರಬೇಕು. ಮಂಗನ ಕಾಯಿಲೆ, ಇಲಿ ಜ್ವರ ಆಮೇಲಿನವು." ಹತ್ತು ಹೆಸರು ಹೇಳಿ ಬಚಾವಾಗುವ ಉಪಾಯ ನಡೆಯುವುದಿಲ್ಲ.

5. ಮುಂದೇನು. ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಇವತ್ತೇ ಶುರು. ಐಜಿಎಂ ಎಲೈಸಾಗೆ ರಕ್ತ ಕಳಿಸಿ, ಆದರೆ ರಿಪೋರ್ಟಿಗೆ ಕಾಯಬೇಡಿ. ವೀಲ್-ಫೆಲಿಕ್ಸ್ ನೆಗೆಟಿವ್ ಬಂತೆಂದು ಔಷಧಿ ನಿಲ್ಲಿಸಲೂಬೇಡಿ, ಆ ಪರೀಕ್ಷೆ ಎಷ್ಟೋ ಕೇಸ್ ತಪ್ಪಿಸುತ್ತದೆ. ಕೆಮ್ಮು ಇರುವುದರಿಂದ ಎದೆಯ ಎಕ್ಸ್‌ರೇ, ನಾಲ್ಕು ಗಂಟೆಗೊಮ್ಮೆ ಉಸಿರಿನ ಲೆಕ್ಕ. 48 ಗಂಟೆಯಲ್ಲಿ ಜ್ವರ ಇಳಿಯದಿದ್ದರೆ ನಾಲ್ಕನೇ ಹಂತಕ್ಕೆ ವಾಪಸ್.