ಹನ್ನೊಂದು ದಿನ ಹಿಂದೆ ಸರಿಯುವ ಹಾಲು

ಚಹಾದ ಅಂಗಡಿಯವರು ಗಿರಾಕಿಗೆ ರಸೀದಿ ಕೊಡುವುದಿಲ್ಲ. ಹಾಗಾಗಿ ಕಲಬುರಗಿಯ ಧಾನ್ಯ ಮಾರುಕಟ್ಟೆ ನೆಹರು ಗಂಜಿನ ಹೊರಗೆ ಅಪ್ಪ ನಡೆಸಿದ ಅಂಗಡಿಯ ತಗಡಿನ ಡಬ್ಬದಲ್ಲಿ ಸಿಕ್ಕಿದ್ದೆಲ್ಲ ಮಾರಾಟದ ಲೆಕ್ಕವಲ್ಲ, ಖರೀದಿಯ ಚೀಟಿ. ಹಾಲಿನವನ ಕಾರ್ಬನ್ ಚೀಟಿ, ಕಿರಾಣಿ ಅಂಗಡಿಯ ಸಕ್ಕರೆ-ಚಹಾಪುಡಿಯ ಪಟ್ಟಿ, ಗ್ಯಾಸ್ ಸಿಲಿಂಡರಿನ ಬಿಲ್ಲು. 2014ರ ಜನವರಿಯಿಂದ 2019ರ ಡಿಸೆಂಬರ್ ತನಕ ಆರು ವರ್ಷದವು. ಎಣಿಸಿದಾಗ ಹಾಲಿನ ಚೀಟಿಗಳೇ 1,640 ಆದವು.

ಮಾರಾಟ ಎಷ್ಟಿತ್ತೆಂದು ತಿಳಿಯಲು ಇವುಗಳಲ್ಲಿ ಯಾವುದನ್ನು ನಂಬಬೇಕು ಅನ್ನುವುದು ಮೊದಲ ಪ್ರಶ್ನೆ. ಸಕ್ಕರೆ, ಚಹಾಪುಡಿ ಕೆಡುವುದಿಲ್ಲ. ಒಮ್ಮೆ ಮೂಟೆ ತಂದರೆ ಹದಿನೈದು ದಿನ ಚೀಟಿಯೇ ಇರುವುದಿಲ್ಲ. ಸಿಲಿಂಡರ್ ಖಾಲಿಯಾದಾಗಷ್ಟೇ ಬರುತ್ತದೆ. ಹಾಲು ಹಾಗಲ್ಲ. ಬೇಸಿಗೆಯಲ್ಲಿ ನಮ್ಮೂರಿನ ಬಿಸಿಲಿಗೆ ಮಧ್ಯಾಹ್ನದೊಳಗೆ ಒಡೆಯುತ್ತದೆ, ಆದ್ದರಿಂದ ಆ ದಿನದ ಹಾಲು ಆ ದಿನವೇ ಚಹಾ ಆಗಬೇಕು. ಅಪ್ಪನ ಅಳತೆ ಒಂದು ಲೀಟರ್ ಹಾಲಿಗೆ ಅರ್ಧ ಲೀಟರ್ ನೀರು. ಕುದಿದು ಆರಿದ್ದು ಹೋಗಿ ಸಣ್ಣ ಗ್ಲಾಸಿನಲ್ಲಿ ಇಪ್ಪತ್ತು ಚಹಾ. ಹಾಲಿನ ಚೀಟಿ ಸಿಕ್ಕರೆ ಗ್ಲಾಸಿನ ಲೆಕ್ಕ ಸಿಕ್ಕಂತೆಯೇ. ಉಳಿದವನ್ನು ಕಟ್ಟಿ ಬದಿಗಿಟ್ಟು ಹಾಲಿನದನ್ನಷ್ಟೇ ತೆಗೆದುಕೊಂಡೆ. ರೂಪಾಯಿಯನ್ನೂ ಬಿಟ್ಟೆ, ಲೀಟರ್ ಮಾತ್ರ ಬರೆದೆ. ಆರು ವರ್ಷದಲ್ಲಿ ಹಾಲಿನ ದರ ಏರುತ್ತಲೇ ಬಂದಿದ್ದರಿಂದ ರೂಪಾಯಿಯಲ್ಲಿ ನೋಡಿದರೆ ವ್ಯಾಪಾರ ಬೆಳೆದಂತೆ ಕಾಣುತ್ತದೆ, ಬೆಳೆದಿರುವುದಿಲ್ಲ.

ವಿಂಗಡಿಸುವ ಮೊದಲು ಫೋಟೊ. ಕಾರ್ಬನ್ ಚೀಟಿ ಬೇಗ ಹಾಳಾಗುವುದಿಲ್ಲ. ಮಷಿನ್ನಿನಿಂದ ಬಂದ ನುಣುಪು ಕಾಗದದ ಬಿಲ್ಲುಗಳದೇ ಚಿಂತೆ. ಅವುಗಳ ಅಕ್ಷರ ಶಾಯಿಯಿಂದ ಮೂಡಿದ್ದಲ್ಲ, ಕಾಗದದ ಲೇಪನ ಬಿಸಿಗೆ ಕಪ್ಪಾಗಿ ಮೂಡಿದ್ದು. ಬಿಸಿಲು, ಎಣ್ಣೆ, ಪ್ಲಾಸ್ಟಿಕ್ ಚೀಲ ಮೂರೂ ಅದನ್ನು ಅಳಿಸುತ್ತವೆ. ಸುಕ್ಕು ಹೋಗಲೆಂದು ಇಸ್ತ್ರಿ ಮಾಡಿದರೆ, ಉಳಿಯಲೆಂದು ಲ್ಯಾಮಿನೇಷನ್ ಮಾಡಿಸಿದರೆ ಇಡೀ ಕಾಗದ ಕಪ್ಪಾಗುತ್ತದೆ. ನೆರಳಿನಲ್ಲಿ ಹರಡಿ, ಮೇಲೊಂದು ಗಾಜು ಇಟ್ಟು, ಫ್ಲಾಶ್ ಇಲ್ಲದೆ ಫೋಟೊ ತೆಗೆಯುವುದೇ ಸರಿ.

ಓದುವುದರಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅಂಕಿಗಳು. ನಮ್ಮ ಭಾಗದ ಅಂಗಡಿ ಚೀಟಿಯಲ್ಲಿ ಇಂಗ್ಲಿಷ್, ಕನ್ನಡ, ಉರ್ದು ಅಂಕಿ ಮೂರೂ ಬರುತ್ತವೆ, ಕೆಲವೊಮ್ಮೆ ಒಂದೇ ಚೀಟಿಯಲ್ಲಿ. ಹಾಲಿನವರಲ್ಲಿ ಒಬ್ಬರು ಉರ್ದು ಅಂಕಿ ಬರೆಯುತ್ತಿದ್ದರು. ಅವಸರದಲ್ಲಿ ಬರೆದ ಉರ್ದು ಐದು ನಮ್ಮ ಕಣ್ಣಿಗೆ ಸೊನ್ನೆ. ಉರ್ದು ಸೊನ್ನೆ ಬರೀ ಚುಕ್ಕೆ, ನೊಣದ ಕಲೆ ಅಂದುಕೊಂಡರೆ ಹೋಯಿತು. ಹೀಗೆ 25 ಲೀಟರ್ ಇದ್ದದ್ದು ನನ್ನ ಕೈಯಲ್ಲಿ 20 ಆಗಿತ್ತು. ಹಿಡಿಯುವ ದಾರಿ ಸುಲಭ: ಚೀಟಿಯ ಕೆಳಗಿನ ಒಟ್ಟು ಹಣವನ್ನು ಅದೇ ವಾರದ ದರದಿಂದ ಭಾಗಿಸಿ. ಉತ್ತರ ನೀವು ಓದಿದ ಲೀಟರಿಗೆ ಹೊಂದದಿದ್ದರೆ, ಇಲ್ಲವೇ ಪೂರ್ತಿ ಲೀಟರ್ ಅಥವಾ ಅರ್ಧ ಲೀಟರಿಗೆ ಬರದಿದ್ದರೆ ಎಲ್ಲೋ ತಪ್ಪು ಓದಿದ್ದೀರಿ. ಹೀಗೆ ನೂರಕ್ಕೂ ಹೆಚ್ಚು ಚೀಟಿ ತಿದ್ದಿದೆ.

ಎರಡನೆಯ ತೊಂದರೆ ತಾರೀಖಿನದು. ಸ್ಪ್ರೆಡ್‌ಶೀಟಿನಲ್ಲಿ 5/8/2016 ಎಂದು ಹಾಕಿದರೆ, ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ ಅದು ಆಗಸ್ಟ್ 5 ಆಗುವುದಿಲ್ಲ, ಮೇ 8 ಆಗುತ್ತದೆ. 12ರ ಮೇಲಿನ ದಿನಗಳು ತಾರೀಖೇ ಆಗದೆ ಅಕ್ಷರವಾಗಿ ಎಡಕ್ಕೆ ಅಂಟಿಕೊಂಡು ನಿಲ್ಲುತ್ತವೆ. ಹಾಗೆ ಎಡಕ್ಕೆ ನಿಂತದ್ದು ಕಂಡಾಗಲೇ ನನಗೆ ಗೊತ್ತಾಗಿದ್ದು. ಆಮೇಲೆ ಎಲ್ಲವನ್ನೂ 2016-08-05 ಎಂದೇ ಹಾಕಿದೆ. ಚೀಟಿ ಸಿಗದ ದಿನಕ್ಕೆ ಖಾಲಿ ಮನೆ ಬಿಟ್ಟೆ, ಸೊನ್ನೆ ಹಾಕಲಿಲ್ಲ. ಚೀಟಿ ಕಳೆದುಹೋಯಿತು ಅಂದರೆ ಅಂದು ಚಹಾ ಮಾರಲಿಲ್ಲ ಅಂತ ಅರ್ಥವಲ್ಲ. 2016ರ ನವೆಂಬರ್ 8ರ ನೋಟು ರದ್ದತಿಯ ನಂತರ ಮೂರು ವಾರ ಚೀಟಿ ತೀರ ಕಡಿಮೆ. ವ್ಯಾಪಾರ ಬಿದ್ದಿತೇನೋ ಅಂದುಕೊಂಡಿದ್ದೆ. ಡಿಸೆಂಬರಿನ ಒಂದು ಚೀಟಿಯ ಹಿಂಬದಿಯಲ್ಲಿ ಉದ್ರಿ ಲೆಕ್ಕ ಒಟ್ಟಿಗೆ ಬರೆದಿತ್ತು. ಹಾಲು ಬಂದಿತ್ತು, ಚೀಟಿ ಹರಿದಿರಲಿಲ್ಲ.

ಇಷ್ಟಾದ ಮೇಲೆ ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸ: ತಿಂಗಳವಾರು ಸರಾಸರಿ. ಆರೂ ವರ್ಷದ ಜನವರಿ ಒಟ್ಟಿಗೆ, ಫೆಬ್ರವರಿ ಒಟ್ಟಿಗೆ. ಮಾಮೂಲಿ ದಿನಕ್ಕೆ 18 ಲೀಟರ್. ಡಿಸೆಂಬರ್ ಕೊನೆಯಿಂದ ಫೆಬ್ರವರಿ ತನಕ 26ರ ಹತ್ತಿರ. ಅದಕ್ಕೆ ಕಾರಣ ಹುಡುಕಬೇಕಿಲ್ಲ, ಹೊಸ ತೊಗರಿ ಗಂಜಿಗೆ ಬರುವ ಕಾಲ. ರೈತರು, ಹಮಾಲರು, ಲಾರಿಯವರು ಬೆಳಗಿನ ಜಾವದಿಂದಲೇ ನಿಂತಿರುತ್ತಾರೆ. ಮಾರ್ಚಿನಲ್ಲಿ ಇನ್ನೊಂದು ಸಣ್ಣ ಉಬ್ಬು. ಜುಲೈಯಿಂದ ಸೆಪ್ಟೆಂಬರ್ ತನಕ ಚಪ್ಪಟೆಯಾದ, ಅಗಲವಾದ ಮತ್ತೊಂದು ಉಬ್ಬು. ಮಳೆಗಾಲ, ಜನ ಬಿಸಿ ಚಹಾ ಕೇಳುತ್ತಾರೆ ಎಂದು ಬರೆದಿಟ್ಟೆ.

ಅದು ತಪ್ಪು. ಅಗಲವಾದ ಉಬ್ಬನ್ನು ಕಂಡಾಗ ಅದು ನಿಜಕ್ಕೂ ಅಗಲವೋ, ಜಾಗ ಬದಲಿಸುವ ಚೂಪಾದ ಏರಿಕೆಗಳನ್ನು ಸರಾಸರಿ ಹಾಕಿ ನಾವೇ ಹರಡಿದ್ದೋ ಎಂದು ನೋಡಬೇಕು. ನೋಡುವ ಕ್ರಮ ಇದು. ಪ್ರತಿ ದಿನದ ಹಾಲನ್ನು ಅದರ ಹಿಂದಿನ 28 ದಿನಗಳ ನಡುವಿನ ಅಂಕಿಗೆ, ಅಂದರೆ ಆ ದಿನಗಳ ಲೀಟರನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಾಗ ಸರಿ ಮಧ್ಯಕ್ಕೆ ಬರುವ ಅಂಕಿಗೆ ಹೋಲಿಸಿ. A ಕಾಲಮ್ಮಿನಲ್ಲಿ ತಾರೀಖು, B ಕಾಲಮ್ಮಿನಲ್ಲಿ ಲೀಟರ್ ಇದ್ದರೆ C30 ಮನೆಗೆ:

```
=IF(B30="","",B30/MEDIAN(B2:B29))
```

ಸರಾಸರಿ ಬೇಡ, ನಡುವಿನ ಅಂಕಿಯೇ ಬೇಕು. ಸರಾಸರಿಯಾದರೆ ಒಂದೆರಡು ಭಾರಿ ದಿನಗಳು ಅದನ್ನೇ ಮೇಲೆತ್ತಿ ಮುಂದಿನ ದಿನಗಳನ್ನು ಸಣ್ಣದಾಗಿ ತೋರಿಸುತ್ತವೆ. 28 ದಿನ ಯಾಕೆಂದರೆ ಸರಿಯಾಗಿ ನಾಲ್ಕು ವಾರ, ವಾರದ ರಜೆ ಸಮನಾಗಿ ಬರುತ್ತದೆ. ಖಾಲಿ ಮನೆಯನ್ನು ಈ ಸೂತ್ರ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸೊನ್ನೆ ಹಾಕಬೇಡಿ ಅಂದದ್ದು ಅದಕ್ಕೇ. ಉತ್ತರ 1ರ ಆಸುಪಾಸು ಇದ್ದರೆ ಮಾಮೂಲಿ ದಿನ. 1.8 ದಾಟಿದ ದಿನಗಳಿಗೆ ಬಣ್ಣ ಹಚ್ಚಿ, ಒಂದೊಂದು ವರ್ಷವನ್ನು ಒಂದೊಂದು ಪಟ್ಟಿಯಾಗಿ ಒಂದರ ಕೆಳಗೊಂದು ಇಟ್ಟೆ.

ಮಳೆಗಾಲದ ಉಬ್ಬು ಮಾಯವಾಯಿತು. ಅದರ ಜಾಗದಲ್ಲಿ ವರ್ಷಕ್ಕೆ ಒಂದೇ ಒಂದು ಬಣ್ಣದ ಚುಕ್ಕೆ, ಮೂರು ದಿನದ್ದು, 40 ಲೀಟರ್ ದಾಟಿದ್ದು. ಕೆಳಗಿಳಿದಂತೆ ಅದು ಎಡಕ್ಕೆ ಓರೆಯಾಗಿ ಸಾಗಿತ್ತು. 2015ರಲ್ಲಿ ಆಗಸ್ಟ್ 31ರ ಆಸುಪಾಸು, 2016ರಲ್ಲಿ ಆಗಸ್ಟ್ 20, 2017ರಲ್ಲಿ ಆಗಸ್ಟ್ 9, 2018ರಲ್ಲಿ ಜುಲೈ 30, 2019ರಲ್ಲಿ ಜುಲೈ 19-20. ಒಂದರಿಂದ ಒಂದನ್ನು ಕಳೆದರೆ ಪ್ರತಿ ಸಲ 354 ಅಥವಾ 355 ದಿನ. ಚಂದ್ರನ ಒಂದು ತಿಂಗಳು ಸುಮಾರು 29.53 ದಿನ, ಹನ್ನೆರಡು ತಿಂಗಳಿಗೆ 354 ದಿನ ಚಿಲ್ಲರೆ. ನಮ್ಮ ಊರಿನಲ್ಲಿ ಮೂರು ದಿನ ನಡೆಯುವ, ಹಿಜರಿ ಪಂಚಾಂಗಕ್ಕೆ ಕಟ್ಟಿಬಿದ್ದ ದೊಡ್ಡ ಜನಜಾತ್ರೆ ಯಾವುದೆಂದು ಕೇಳುವ ಅಗತ್ಯವೇ ಇಲ್ಲ. 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇ ನವಾಜರ ಉರುಸು, ಜುಲ್‌ಕಾದ್ ತಿಂಗಳ 15, 16, 17.

ಒಂದು ಹೊಂದಾಣಿಕೆ ಸಿಕ್ಕಿತೆಂದು ನಂಬಿಬಿಡಬಾರದು, ಇನ್ನೊಂದು ಗುರುತು ಬೇಕು. ರಂಜಾನ್ ಒಂಬತ್ತನೇ ತಿಂಗಳು, ಜುಲ್‌ಕಾದ್ ಹನ್ನೊಂದನೆಯದು. ಹಮಾಲರಲ್ಲಿ ರೋಜಾ ಇರುವವರು ಬಹಳ ಜನ, ಹಗಲಿನ ಚಹಾ ಇಳಿಯಲೇಬೇಕು. ಆದ್ದರಿಂದ ಉರುಸಿಗೆ ಸುಮಾರು 45 ದಿನ ಮೊದಲು ಮುಗಿಯುವ, ಒಂದು ತಿಂಗಳು ಉದ್ದದ ತಗ್ಗು ಕಾಣಬೇಕು. ಹುಡುಕಿದೆ. ಪ್ರತಿ ವರ್ಷವೂ ಇತ್ತು, 13-14 ಲೀಟರಿನ ತಗ್ಗು, ಅದೂ ಉರುಸಿನ ಜೊತೆಗೇ ಎಡಕ್ಕೆ ಸರಿಯುತ್ತಿತ್ತು. ತಿಂಗಳ ಸರಾಸರಿಯಲ್ಲಿ ಇದರ ಸುಳಿವೇ ಇರಲಿಲ್ಲ.

ಮಾರ್ಚಿನ ಉಬ್ಬನ್ನೂ ಹಾಗೇ ಬಿಡಿಸಿದೆ. ಅದು ಓರೆಯಾಗಿ ಸಾಗುವುದಿಲ್ಲ, ಅತ್ತ ಇತ್ತ ಜೀಕುತ್ತದೆ. 2014ರಲ್ಲಿ ಮಾರ್ಚ್ 21ರ ಸುಮಾರಿಗೆ, ಮುಂದಿನ ವರ್ಷ 10, ಆಮೇಲೆ 28, 17, 6, 25. ಅಂತರ 354, 384, 354, 354, 384. ಎರಡು ಸಲ ಮೂವತ್ತು ದಿನ ಹೆಚ್ಚು, ಅಂದರೆ ಅಧಿಕ ಮಾಸ. 2015ರಲ್ಲಿ ಆಷಾಢ, 2018ರಲ್ಲಿ ಜ್ಯೇಷ್ಠ ಅಧಿಕವಾಗಿದ್ದವು. ಹೋಳಿ ಹುಣ್ಣಿಮೆಯಾಗಿ ಐದನೇ ದಿನದ ಶರಣಬಸವೇಶ್ವರ ಜಾತ್ರೆಯ ತೇರು ಅದು. ಹಿಜರಿಯಲ್ಲಿ ಅಧಿಕ ಮಾಸ ಇಲ್ಲವಾದ್ದರಿಂದ ಉರುಸು ತಡೆಯಿಲ್ಲದೆ ಹಿಂದಕ್ಕೆ ಹೋಗುತ್ತದೆ, ಸುಮಾರು 33 ವರ್ಷಕ್ಕೆ ಇಡೀ ವರ್ಷ ಸುತ್ತಿ ಬರುತ್ತದೆ. ತೊಗರಿ ಮಾತ್ರ ಎಲ್ಲೂ ಕದಲುವುದಿಲ್ಲ, ಮಳೆ ಮತ್ತು ಬಿಸಿಲಿನ ಬೆಳೆ. ಒಂದೇ ಒಲೆಯ ಹಾಲಿನಲ್ಲಿ ಮೂರು ಪಂಚಾಂಗ.

ಪಟ್ಟಿಗಳನ್ನು ಅಪ್ಪನ ಮುಂದೆ ಹರವಿದಾಗ, "ಉರುಸು ಹಿಂದ ಹಿಂದ ಬರ್ತದ, ಜಾತ್ರಿ ಹಿಂದ ಮುಂದ ಆಡ್ತದ. ಇಷ್ಟಕ್ಕ ಇಷ್ಟು ಚೀಟಿ ಹರವಿದೇನವಾ?" ಅಂದ. ಅವನಿಂದಲೇ ಇನ್ನೊಂದು ತಿದ್ದುಪಡಿಯೂ ಸಿಕ್ಕಿತು. ಆ ಮೂರು ದಿನ ಅವನು ಎರಡನೇ ಸ್ಟವ್ ಹಚ್ಚಿ ದರ್ಗಾದ ದಾರಿಗೆ ಒಯ್ಯುತ್ತಿದ್ದನಂತೆ, ತೇರಿನ ದಿನ ಗುಡಿಯ ಕಡೆಗೆ. ಅಂದರೆ ನನ್ನ 40 ಲೀಟರು ಜನ ಕುಡಿದದ್ದಷ್ಟೇ ಅಲ್ಲ, ಅವನು ಮೊದಲೇ ಅಂದಾಜು ಮಾಡಿ ತರಿಸಿದ್ದು. ಖರೀದಿಯ ಚೀಟಿಯ ಮಿತಿ ಇದೇ. ಅಂದು ಐದು ಲೀಟರ್ ಉಳಿದು ಒಡೆದುಹೋಗಿದ್ದರೂ ಚೀಟಿಯಲ್ಲಿ ಅದು ಮಾರಾಟದಂತೆಯೇ ಕಾಣುತ್ತದೆ.

ಮುಂದಿನ ವರ್ಷಕ್ಕೆ ಹಾಲು ಹೇಳುವಾಗ ಈ ಲೆಕ್ಕ ಬಳಸುವವರು ಒಂದು ದಿನದ ಸಡಿಲು ಇಟ್ಟುಕೊಳ್ಳಬೇಕು, ಚಂದ್ರದರ್ಶನದ ಮೇಲೆ ತಿಂಗಳು 29ಕ್ಕೋ 30ಕ್ಕೋ ಮುಗಿಯುತ್ತದೆ. ಒಂಟಿ ಚುಕ್ಕೆಗಳಿಗೆ ಅರ್ಥ ಕಟ್ಟಬಾರದು. 2018ರ ಮೇ ನಡುವಿನಲ್ಲಿ ಒಂದಿತ್ತು. ಆ ವಾರ ವಿಧಾನಸಭಾ ಚುನಾವಣೆ, ಬೇರೆ ಯಾವ ವರ್ಷದಲ್ಲೂ ಅದಕ್ಕೆ ಜೋಡಿ ಇಲ್ಲ. 2014ರ ಸೆಪ್ಟೆಂಬರಿನ ಕಟ್ಟನ್ನು ಗೆದ್ದಲು ತಿಂದು, ಉರುಸಿನ ವಾರದ್ದು ಒಂದೇ ಚೀಟಿ ಉಳಿದಿದೆ, ಅದರಲ್ಲಿ 39 ಲೀಟರ್ ಓದಬಹುದು, ತಾರೀಖಿನ ಮೂಲೆ ಇಲ್ಲ. ಓರೆ ಗೆರೆಯನ್ನು ಮೇಲಕ್ಕೆ ಎಳೆದರೆ ಅದು ಸೆಪ್ಟೆಂಬರ್ 11ಕ್ಕೆ ಬೀಳುತ್ತದೆ. ಆದರೂ ಆ ಮನೆಯನ್ನು ಖಾಲಿ ಬಿಟ್ಟಿದ್ದೇನೆ, ಪಕ್ಕದಲ್ಲಿ ಪೆನ್ಸಿಲಿನಿಂದ 39 ಎಂದಷ್ಟೇ ಬರೆದು.